ಪಕ್ಕದವನ ಫೋನಿನ ಮಾತು

"ಎಡಕ್ಕೆ ತಿರುಗಿ" ಎಂದಿತು ಫೋನು. ಬೈಕ್ ಟ್ಯಾಕ್ಸಿಯ ಬಾಂಗ್ ಸಾನುಸಿ, ಎಂದರೆ ಸಾನುಸಿ ಅಣ್ಣ, ಎಡಕ್ಕೆ ತಿರುಗಿದ. ತಿರುಗಿದ್ದೇ ಎಡವಟ್ಟಾಯಿತು. ಬೈಕು ಹೋಗಿ ನಿಂತದ್ದು ಪಸಾರ್ ಮಿಂಗ್ಗು ಸಂತೆಯಲ್ಲಿ, ಕೋಳಿ ಪಂಜರಗಳ ನಡುವೆ.

ಹಿಂದೆ ಕೂತವಳು ಲಾರಸ್. ಸರ್ಕಾರಿ ನೌಕರಿಯ ಪರೀಕ್ಷೆಗೆ ಹೊರಟವಳು. ನಿಯಮದಂತೆ ಬಿಳಿ ಅಂಗಿ, ಕಪ್ಪು ಸ್ಕರ್ಟು. ಈಗ ಸ್ಕರ್ಟಿನ ಮೇಲೆ ನಿಯಮದಲ್ಲಿಲ್ಲದ ಪುಕ್ಕಗಳು. ಹತ್ತು ಗಂಟೆಗೆ ಗೇಟು ಮುಚ್ಚಿದರೆ ಮುಗಿಯಿತು, ಅತ್ತರೂ ಒಳಗೆ ಬಿಡುವುದಿಲ್ಲ.

ಸಾನುಸಿ ಹ್ಯಾಂಡಲ್ಲಿನ ಫೋನ್ ಹೋಲ್ಡರಿನತ್ತ ಬಗ್ಗಿ ನೋಡಿದ. ಫೋನು ಬಿಸಿಲು ಕುಡಿದು ಕಾದು, ತಣ್ಣಗಾಗುವವರೆಗೆ ತನ್ನಿಂದಾಗದು ಎಂದು ಆಗಲೇ ಕಪ್ಪಾಗಿ ಕೂತಿತ್ತು. ಹಾಗಾದರೆ ಮಾತಾಡಿದ್ದು ಯಾರು? ಆಗ ಜಂಕ್ಷನ್ನಿನ ಕೆಂಪು ದೀಪದಲ್ಲಿ ಅವನಂತೆಯೇ ಹಸಿರು ಜಾಕೆಟ್ಟಿನ ಬೈಕ್ ಟ್ಯಾಕ್ಸಿಯವರು ಮೊಣಕಾಲಿಗೆ ಮೊಣಕಾಲು ತಾಗಿಸಿ ನಿಂತಿದ್ದರು. ಎಲ್ಲರ ಹ್ಯಾಂಡಲ್ಲಿನಲ್ಲೂ ಫೋನು, ಎಲ್ಲ ಫೋನಿನಲ್ಲೂ ಅದೇ ಹೆಂಗಸಿನ ದನಿ. ಅವನು ನಡೆಸಿಕೊಟ್ಟದ್ದು ಪಕ್ಕದವನ ಫೋನಿನ ಅಪ್ಪಣೆಯನ್ನು. ದೀಪ ಹಸಿರಾದಾಗ ಅವನ ಕೈಯೇನೋ ತಾನಾಗಿ ಬಲಕ್ಕೆ ಹೊರಟಿತ್ತು. ದನಿ ಕೇಳಿ ಹಿಂಜರಿಯಿತು.

ಕೈಯ ಮಾತು ಕೇಳುವುದನ್ನು ಅವನು ಬಿಟ್ಟು ಬಹಳ ಕಾಲವಾಗಿತ್ತು. ಒಮ್ಮೆ ಒಬ್ಬ ಗಿರಾಕಿಯನ್ನು ತನಗೆ ಗೊತ್ತಿದ್ದ ಗಲ್ಲಿಯಲ್ಲಿ ಬೇಗ ಮುಟ್ಟಿಸಿದ್ದಕ್ಕೆ, ಮ್ಯಾಪ್ ಬಿಟ್ಟು ಸುತ್ತಾಡಿಸಿದ ಎಂದು ಆತ ಆ್ಯಪಿನಲ್ಲಿ ಒಂದೇ ನಕ್ಷತ್ರ ಕೊಟ್ಟು ಹೋದ. ಆಮೇಲೆ ವಾರಗಟ್ಟಲೆ ಸವಾರಿಗಳು ಇತ್ತ ತಲೆಹಾಕಲಿಲ್ಲ. ಅಂದಿನಿಂದ ಸಾನುಸಿ ದನಿ ಹೇಳದೆ ಹ್ಯಾಂಡಲ್ ಹೊರಳಿಸಿದವನಲ್ಲ. ಕಾಫಿ ಅಂಗಡಿಯ ಗೆಳೆಯರು, ಹೆಂಡತಿಯ ಮಾತನ್ನೂ ಇಷ್ಟು ಕೇಳಿದ್ದರೆ ಇವನು ಸ್ವರ್ಗಕ್ಕೆ ನೇರ ಹೋಗುತ್ತಿದ್ದ ಎಂದು ಆಡಿಕೊಳ್ಳುತ್ತಿದ್ದರು.

ಲಾರಸ್ ಬೈಯಲಿಲ್ಲ. ಫೋನನ್ನು ಹೋಲ್ಡರಿನಿಂದ ಬಿಡಿಸಿಕೊಂಡು, ತನ್ನ ನೆರಳಿನಲ್ಲಿಟ್ಟು, ಪ್ರವೇಶಪತ್ರದಿಂದಲೇ ಗಾಳಿ ಹಾಕಿದಳು. ಕೋಳಿಯವಳು ಇದನ್ನು ನೋಡಿ, ಮಗುವಿಗೆ ಜ್ವರವಾ ಎಂದು ಕೇಳಿದಳು. ಕೊನೆಗೂ ಫೋನು ಕಣ್ಣು ಬಿಟ್ಟಿತು. ಹೊಸ ದಾರಿ ಹುಡುಕಿ, ಮುಂದೆ ಯೂ ಟರ್ನ್ ತೆಗೆದುಕೊಳ್ಳಿ ಎಂದಿತು.

"ಬಾಂಗ್, ಇದು ನನ್ನ ಕೈಲೇ ಇರ್ಲಿ. ಎಡ ಭುಜ ತಟ್ಟಿದ್ರೆ ಎಡಕ್ಕೆ, ಬಲ ತಟ್ಟಿದ್ರೆ ಬಲಕ್ಕೆ. ಬೇರೆ ಯಾರ ಮಾತೂ ಕೇಳ್ಬೇಡಿ."

ಮತ್ತೆ ಅದೇ ಜಂಕ್ಷನ್ನು. ಮುಂದೆ ಬಸ್ಸು, ಪಕ್ಕದಲ್ಲಿ ತಳ್ಳುಗಾಡಿ, ಸುತ್ತಲೂ ಎಡಕ್ಕೆ, ನೇರ, ಬಲಕ್ಕೆ ಎನ್ನುವ ಒಂದೇ ಗಂಟಲಿನ ಹತ್ತಾರು ಆಜ್ಞೆಗಳು. ಸಾನುಸಿಯ ಕುತ್ತಿಗೆ ಪ್ರತಿ ದನಿಗೂ ಒಮ್ಮೆ ಅದುರುತ್ತಿತ್ತು. ಬಲ ಭುಜಕ್ಕೆ ಏಟು ಬಿತ್ತು, ತಟ್ಟಿದ್ದಕ್ಕಿಂತ ಗುದ್ದಿದ್ದೇ ಹೆಚ್ಚು. ಬಸ್ಸಿನ ಮೂತಿ ಸವರಿಕೊಂಡು ಬೈಕು ಬಲಕ್ಕೆ ಹೊರಳಿತು.

ಪರೀಕ್ಷಾ ಕೇಂದ್ರದ ಗೇಟಿನ ಒಂದು ಕದ ಆಗಲೇ ಮುಚ್ಚಿತ್ತು. ಲಾರಸ್ ಫೋನನ್ನು ಅವನ ಕೈಗೆ ತುರುಕಿ, ಹೆಲ್ಮೆಟ್ಟಿನಲ್ಲೇ ಓಡಿ ಒಳಗೆ ನುಗ್ಗಿ, ಮುಚ್ಚುತ್ತಿದ್ದ ಇನ್ನೊಂದು ಕದದ ಸಂದಿಯಿಂದ ಹೆಲ್ಮೆಟ್ ಹಿಂದಕ್ಕೆ ಚಾಚಿದಳು. ಏದುಸಿರಲ್ಲೇ ಕೇಳಿದಳು:

"ಬಾಂಗ್, ನಿಮಗೆ ಈ ಕಡೆ ದಾರಿ ಗೊತ್ತೇ ಇರ್ಲಿಲ್ವಾ?"

"ಗೊತ್ತಿಲ್ದೆ ಏನು ತಂಗಿ," ಎಂದ ಸಾನುಸಿ, ಹೆಲ್ಮೆಟ್ಟಿನ ಪುಕ್ಕ ಕೊಡವುತ್ತ. "ಅಗೋ, ಎದುರಿಗಿರೋ ನೀಲಿ ಬಾಗಿಲು ನಮ್ಮನೇದೇ."