ಕುಬಸದ ಸೀರೆ ಮತ್ತು ನನ್ನ ಮೈದಾ ಅಂಟು

ಮೈದಾ ಅಂಟು ಕುದಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಲಂಡನ್ನಿನ ಕೆಂಟನ್ನಿನ ಆ ಮನೆಯವರು ನನಗಿಂತ ಮುಂಚೆ ಹೇಳುತ್ತಾರೆ, ಅದೂ ನನ್ನದೇ ದನಿಯಲ್ಲಿ ಅಣಕಿಸಿ.

ಆ ಮನೆಯ ಮಹಡಿಯಲ್ಲಿ, ಉತ್ತರಕ್ಕೆ ಮುಖಮಾಡಿದ ಸಣ್ಣ ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ಮನೆ ರಿಟೈರಾದ ಡಾಕ್ಟರೊಬ್ಬರದು. ಧಾರವಾಡದವರು, ಗಂಡ ತೀರಿಕೊಂಡಿದ್ದರು, ಮಗ ಸೊಸೆ ಇಲ್ಫರ್ಡಿನಲ್ಲಿದ್ದರು. ನಾನು ಆಂಟಿ ಅನ್ನುತ್ತಿದ್ದೆ, ಅವರು ತಮ್ಮಾ ಅನ್ನುತ್ತಿದ್ದರು. ಅವರ ಧಾರವಾಡದ ಮಾತನ್ನು ನಾನು ದಿನವೂ ಅಣಕಿಸುತ್ತಿದ್ದೆ. ನಾನು ಮೈಸೂರಿನವನು, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಊರವರ ಎಲುಬೆಲ್ಲ ಕಾಣುತ್ತದೆ, ಮೂಗಿನ ಕೆಳಗಿನದು ಕಾಣುವುದಿಲ್ಲ.

ರೂಮಿನ ಹಳೆಯ ವಾರ್ಡ್‌ರೋಬಿನಲ್ಲಿ ಮೇಲಿನ ಅರ್ಧ ನನ್ನದು, ಕೆಳಗಿನ ಅರ್ಧ ಆಂಟಿಯದು. ಒಳಗಿನ ಹಲಗೆ ಸಿಪ್ಪೆ ಎದ್ದಿತ್ತು. ಆಂಟಿಗೆ ಖುಷಿಪಡಿಸೋಣ ಅಂತ, ಊರಲ್ಲಿ ಸ್ಕೂಲ್ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದ ಹಾಗೆ ಮೈದಾ ಕುದಿಸಿ, ಒಳಗೆಲ್ಲ ಕಂದು ಕಾಗದ ಅಂಟಿಸಿದೆ. ವ್ಯಾಯಾಮದ ಬೆಂಚಿಗೆ ಜಾಗ ಬೇಕಿತ್ತು, ವಾರ್ಡ್‌ರೋಬನ್ನು ಹೊರಗೋಡೆಗೆ ಒತ್ತಿ ನಿಲ್ಲಿಸಿದೆ. ಬೆಂಚಿನ ಮೇಲೆ ನಾನು ಒಂದು ದಿನವೂ ಮಲಗಲಿಲ್ಲ, ನನ್ನ ಒದ್ದೆ ಬಟ್ಟೆಗಳು ಮಾತ್ರ ಚಳಿಗಾಲವಿಡೀ ಅದರ ಮೇಲೆ ಒಣಗಿದವು. ಕಿಟಕಿ ತೆಗೆದರೆ ಬೆಚ್ಚಗಿನ ಗಾಳಿ ಹೊರಗೆ ಹೋಗುತ್ತದಲ್ಲ, ಅದಕ್ಕೆ ಮುಚ್ಚಿಯೇ ಇಟ್ಟಿದ್ದೆ. ಬಟ್ಟೆಯ ನೀರು ಎಲ್ಲಿಗೆ ಹೋಗುತ್ತಿತ್ತು ಅಂತ ಯೋಚಿಸಲಿಲ್ಲ. ತಣ್ಣಗಿನ ಗೋಡೆಗೆ ಹೋಗುತ್ತಿತ್ತು, ಅಲ್ಲಿಂದ ವಾರ್ಡ್‌ರೋಬಿನ ಬೆನ್ನಿಗೆ.

ಸೊಸೆಗೆ ಏಳನೇ ತಿಂಗಳು ಬಿದ್ದಾಗ ಆಂಟಿ ಕುಬಸದ ದಿನ ಗೊತ್ತುಮಾಡಿದರು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಆರತಿ ಮಾಡುವ ಶಾಸ್ತ್ರ ಅದು. ಇನ್ನೆರಡು ವಾರ ಇದೆ ಅನ್ನುವಾಗ ಸೀರೆ ನೋಡಲು ನನ್ನ ರೂಮಿಗೆ ಬಂದರು. ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ಅವರ ಅತ್ತೆ ಧಾರವಾಡದಿಂದ ಕಳಿಸಿದ್ದು, ಮಗ ಹೊಟ್ಟೆಯಲ್ಲಿದ್ದಾಗ ಇಲ್ಲಿಯ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ತಾವೇ ಉಟ್ಟುಕೊಂಡು, ಆರತಿ ಎತ್ತಲು ಯಾರೂ ಇಲ್ಲದೆ ಕನ್ನಡಿಯ ಮುಂದೆ ನಿಂತಿದ್ದ ಸೀರೆ. ಕೆಳಗಿನ ಅರೆಯಲ್ಲಿ, ಗಂಡನ ಗಂಜಿ ಹಾಕಿದ ಪಂಚೆಯಲ್ಲಿ ಸುತ್ತಿಟ್ಟಿದ್ದರು.

ಗಂಟು ಎತ್ತಿದ ತಕ್ಷಣ ಬೆಳ್ಳಿ ಬಣ್ಣದ್ದೊಂದು ಸರಕ್ಕನೆ ಹರಿದು ಮೂಲೆಯ ಸಂದಿಗೆ ನುಗ್ಗಿತು. ಇಲ್ಲಿಯವರು ಸಿಲ್ವರ್‌ಫಿಶ್ ಅನ್ನುವ ಹುಳು. ಪಂಚೆಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕೆ, ಅಲ್ಲಲ್ಲಿ ಹಳದಿ ಕಲೆ. ಬಟ್ಟೆಯನ್ನು ಮೇಲುಮೇಲೆ ಕೆರೆದು ತಿಂದು ಜಾಳುಮಾಡಿತ್ತು. ನನ್ನ ಕಂದು ಕಾಗದ ಅಂಚಿನಲ್ಲಿ ಬಿಟ್ಟುಕೊಂಡಿತ್ತು, ಅದರ ಹಿಂದೆ ಬೂಷ್ಟು.

ಆಂಟಿ ಕೂಗಲಿಲ್ಲ. ಹಾಸಿಗೆಯ ಮೇಲೆ ಕೂತು ಸೀರೆಯನ್ನು ಮಡಿಕೆ ಮಡಿಕೆ ಬಿಚ್ಚಿದರು. ಸೆರಗು ಚೆನ್ನಾಗಿತ್ತು. ಒಳತುದಿಯಲ್ಲಿ, ಸೊಂಟಕ್ಕೆ ಸಿಗಿಸುವ ಕಡೆ, ಬೆರಳಗಲ ಸವೆದಿತ್ತು. ಉಟ್ಟರೆ ಕಾಣುವುದಿಲ್ಲ.

"ನೀ ಮೈದಾ ಉಣಿಸೀದಿ, ನಾ ಗಂಜಿ ಕುಡಿಸೀನಿ. ಇಬ್ಬರೂ ಕೂಡಿ ಚೊಲೋ ಬಾಣಂತನ ಮಾಡೇವಿ, ಹುಳದ್ದು," ಅಂದರು.

ನಾನು ನಕ್ಕೆ. ಅವರು ನಗಲಿಲ್ಲ. ಆಮೇಲೆ ಸೀರೆಯನ್ನು ನನ್ನ ಮುಖಕ್ಕೆ ಹಿಡಿದು, ವಾಸನಿ ಅದ ಏನು, ಅಂತ ಕೇಳಿದರು.

ಅಲ್ಲೇ ಇತ್ತು ಕಷ್ಟ. ಕೋವಿಡ್ ಬಂದುಹೋದ ಮೇಲೆ ಅವರ ಮೂಗು ಪೂರ್ತಿ ವಾಪಸ್ಸು ಬಂದಿರಲಿಲ್ಲ. ನನ್ನದೋ, ಆ ರೂಮಿನಲ್ಲೇ ಮಲಗಿ ಮಲಗಿ ಆ ವಾಸನೆಗೆ ಒಗ್ಗಿಹೋಗಿತ್ತು. ಸೊಸೆಯ ಮೂಗು ಮಾತ್ರ ಬಸುರಿನಲ್ಲಿ ಕತ್ತಿಯ ಹಾಗೆ ಹರಿತವಾಗಿತ್ತು. ಒಗ್ಗರಣೆ, ಅಗರಬತ್ತಿ, ಮಳೆಯಲ್ಲಿ ನೆಂದ ಟ್ಯೂಬ್ ರೈಲಿನ ಜನ, ಯಾವುದೂ ಆಗುತ್ತಿರಲಿಲ್ಲ. ನಾಲ್ಕು ತಿಂಗಳಿಂದ ಆ ಮನೆಗೆ ಕಾಲಿಟ್ಟಿರಲಿಲ್ಲ. ಕೊನೆಯ ಸಲ ಬಂದಾಗ ಬಾಗಿಲಲ್ಲೇ ಬಾಯಿ ಮುಚ್ಚಿಕೊಂಡು ಹಿಂದಿರುಗಿದ್ದಳು. ಅದು ವಾಸನೆಯೋ, ತಮ್ಮ ಮೇಲಿನ ಬೇಸರವೋ ಅಂತ ಆಂಟಿಗೆ ಒಳಗೊಳಗೇ ಕೊರಗು. ಮಗ ಫೋನಿನಲ್ಲಿ, ಹೊಸ ಸೀರೆ ತಂದರಾಯಿತು ಬಿಡಮ್ಮ, ಅಂದ. ಆಂಟಿ ಫೋನಿಟ್ಟರು. ನಾಲ್ಕು ಜನರ ಮುಂದೆ ಆಕಿ ನನ್ನ ಸೀರಿ ದೂರ ತಳ್ಳಿದಳಂದ್ರ, ಅಂತ ಶುರುಮಾಡಿ ಮಾತು ಮುಗಿಸಲಿಲ್ಲ.

ಊರಿಂದ ತಂದ ನುಸಿಗುಳಿಗೆ ಪೊಟ್ಟಣ ಇದೆ, ಹಾಕಿಬಿಡೋಣ ಅಂದೆ. ಆಂಟಿಯೊಳಗಿನ ಡಾಕ್ಟರು ಎದ್ದು ಕೂತರು. ಬಸುರಿ ಉಡುವ ಸೀರೆಗೆ ಆ ವಿಷದ ಘಾಟು ಹತ್ತಿಸುತ್ತೀಯಾ ಅಂತ ಪೊಟ್ಟಣವನ್ನು ಡಬ್ಬಿಯೊಳಗೆ ಬಿಗಿದು ಗ್ಯಾರೇಜಿಗೆ ಕಳಿಸಿದರು. ಸೆಂಟು ಹೊಡೆಯುವುದೂ ಬೇಡ. ವಾಸನೆಯನ್ನು ಮುಚ್ಚುವುದಲ್ಲ, ಹೋಗಿಸುವುದು. ಆವತ್ತಿನಿಂದ ಆ ಮನೆ ಆಪರೇಷನ್ ಥಿಯೇಟರು, ನಾನು ವಾರ್ಡ್‌ಬಾಯ್.

ಮೊದಲು ಬಟ್ಟೆಯೆಲ್ಲ ಹೊರಗೆ. ಒಂದೊಂದನ್ನೂ ಹಿತ್ತಿಲಲ್ಲಿ ಕೊಡವಿ, ಹೊಲಿಗೆ, ಕಾಲರು, ಜೇಬು ತಿರುವಿ ನೋಡಿ, ಒಗೆಯಬಹುದಾದ್ದನ್ನು ಬಿಸಿನೀರಿನ ವಾಷಿಂಗ್ ಮಷಿನ್ನಿಗೆ. ಆಮೇಲೆ ನನ್ನ ಕಲಾಕೃತಿ. ಕಾಗದವನ್ನು ಬಿಸಿನೀರಲ್ಲಿ ನೆನೆಸಿ ಕಿತ್ತೆ. ಅಂಟಿನ ಒಂದು ಚೂರೂ ಉಳಿಯಬಾರದು, ಉಳಿದರೆ ಅದೇ ಅವುಗಳ ಊಟ ಅಂತ ಆಂಟಿ ಟಾರ್ಚ್ ಹಿಡಿದು ನಿಂತಿದ್ದರು. ವ್ಯಾಕ್ಯೂಮಿನ ಚೂಪು ಮೂತಿಯನ್ನು ಸಂದಿಸಂದಿಗೂ ತೂರಿಸಿ, ಒಳಗಿನ ಕಸದ ಚೀಲವನ್ನು ಕಟ್ಟಿ ಹೊರಗಿನ ಬಿನ್ನಿಗೆ ಹಾಕಿ ಬಂದೆ. ಬಿಳಿ ವಿನೆಗರಿಗೆ ನೀರು ಬೆರೆಸಿ, ಮಾಸ್ಕು ಗ್ಲೌಸು ಹಾಕಿ, ಬೂಷ್ಟು ಒರೆಸಿದೆ. ವಾರ್ಡ್‌ರೋಬನ್ನು ಗೋಡೆಯಿಂದ ಅಂಗೈಯಗಲ ಮುಂದಕ್ಕೆ ಎಳೆದು, ಬಾಗಿಲು ತೆರೆದು, ತೇವ ಹೀರುವ ಮಷಿನ್ನನ್ನು ಎದುರಿಗೆ ಕೂರಿಸಿದೆವು. ಅದರ ಡಬ್ಬಿ ತುಂಬಿದಾಗಲೆಲ್ಲ ಆಂಟಿ ಆ ನೀರು ನನಗೆ ತೋರಿಸಿ, ನಿನ್ನ ಬನಿಯನ್ನಿಂದು, ಅನ್ನುತ್ತಿದ್ದರು.

ರೇಷ್ಮೆ ಸೇರಿದ ಸೀರೆಯನ್ನು ಬಿಸಿನೀರಿಗೆ ಹಾಕುವ ಹಾಗಿಲ್ಲ. ಮೆತ್ತನೆ ಬ್ರಶ್ಶಿನಿಂದ ಸವರಿ, ನೆರಳಲ್ಲಿ ಚೆನ್ನಾಗಿ ಒಣಗಿಸಿ, ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಫ್ರೀಜರಿಗೆ. ಅಡಗಿರುವ ಹುಳು, ಮೊಟ್ಟೆ ಸಾಯಬೇಕು. ತುರಿದ ಕಾಯಿ, ಅವರೆಕಾಳು, ನಡುವೆ ಮೂವತ್ತೈದು ವರ್ಷದ ಇಳಕಲ್ ಸೀರೆ. ಸಾರಿಗೆ ಕಾಯಿ ಬೇಕೆಂದಾಗಲೆಲ್ಲ ಸೀರೆಗೆ ಕ್ಷಮಿಸಿ ಅಂದು ಸರಿಸಬೇಕು. ವಾರ ಕಳೆದು ತೆಗೆದಾಗ ನಾನು ಆತುರದಲ್ಲಿ ಚೀಲ ಬಿಚ್ಚಲು ಹೋದೆ, ಆಂಟಿ ಕೈಮೇಲೆ ಹೊಡೆದರು. ತಣ್ಣಗಿರುವಾಗ ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ, ಮತ್ತೆ ಮೊದಲಿಂದ. ಮಾರನೆಯ ದಿನದವರೆಗೆ ಆ ಚೀಲ ಊಟದ ಮೇಜಿನ ಮೇಲೆ ಅತಿಥಿಯ ಹಾಗೆ ಕೂತಿತ್ತು.

ಹುಳು ಸತ್ತಿತು ಸರಿ, ವಾಸನೆ ಫ್ರೀಜರಿನಿಂದ ಹೋಗುವುದಿಲ್ಲ. ಹೊರಗೆ ಬಿಡದೆ ತುಂತುರು. ಮಹಡಿಯ ಮೆಟ್ಟಿಲ ಬಳಿ ಕೋಲು ಕಟ್ಟಿ, ಸೀರೆ ಹರವಿ, ತೇವ ಹೀರುವ ಮಷಿನ್ನು ಹಚ್ಚಿದೆವು. ಕೆಳಗೆ ಬಟ್ಟಲಲ್ಲಿ ಅಡಿಗೆ ಸೋಡಾ, ಸೀರೆಗೆ ತಾಗದ ಹಾಗೆ. ತುಂತುರು ನಿಂತು ಗಾಳಿ ಬೀಸಿದ ದಿನ ಕಿಟಕಿ ತೆರೆದೆವು. ಬೆಳಗಾದರೆ ಆಂಟಿ ಕೇಳುವುದು ಒಂದೇ ಮಾತು. ಹೋತೇನು? ನನಗೆ ಗೊತ್ತಾಗುತ್ತಿರಲಿಲ್ಲ. ಹೋಯಿತು ಅಂದರೆ ಸುಳ್ಳಾಗಬಹುದು, ಇಲ್ಲ ಅಂದರೆ ಅವರ ಮುಖ ನೋಡಲಾಗುವುದಿಲ್ಲ. ಪಾರ್ಸೆಲ್ ತರುವ ಹುಡುಗನ ಮೂಗಿಗೆ ಹಿಡಿಯೋಣ ಅಂದೆ. ತಮಾಷೆಗೆ ಅಂದದ್ದು, ಅವರು ನಿಜವಾಗಿ ಹಿಡಿದರು. ಅವನಿಗೆ ಶೀತವಾಗಿತ್ತು.

ಕೊನೆಯ ದಿನ ನಾನು ರೇನರ್ಸ್ ಲೇನಿನ ಅಂಗಡಿಗೆ ಹೋಗಿ ಹಸಿರು ಬಳೆ ತಂದೆ. ನಿನ್ನ ಬಟ್ಟಿನೂ ಎಲ್ಲಾ ಒಗದೀಯೇನು ಅಂತ ಆಂಟಿ ಕೇಳಿದರು. ಎಲ್ಲಾ ಅಂದೆ. ರೇಷ್ಮೆ ಜುಬ್ಬಾ ಸೂಟ್‌ಕೇಸಿನೊಳಗಿತ್ತು, ಸೂಟ್‌ಕೇಸು ವಾರ್ಡ್‌ರೋಬಿನ ನೆತ್ತಿಯ ಮೇಲಿತ್ತು. ಅದು ವಾರ್ಡ್‌ರೋಬಿನೊಳಗಿನ ಬಟ್ಟೆ ಹೇಗಾಗುತ್ತದೆ? ಈ ತರ್ಕ ಆವತ್ತು ನನಗೆ ಬಹಳ ಹಿಡಿಸಿತ್ತು.

ಭಾನುವಾರ ಮಗ ಸೊಸೆ ಬಂದರು. ಸೊಸೆ ಲಂಡನ್ನಿನಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅಪರೂಪಕ್ಕೆ ಅವಳು ಕನ್ನಡ ಆಡಿದರೆ ನಾನು ಅದನ್ನು ಅವಳ ದನಿಯಲ್ಲೇ ಆಡಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಹಾಗಾಗಿ ಆಡುವುದನ್ನೇ ಬಿಟ್ಟಿದ್ದಳು. ಆವತ್ತು ಬಾಗಿಲಲ್ಲಿ ನಿಂತು ಮೆಲ್ಲಗೆ ಉಸಿರೆಳೆದಳು. ಒಳಗೆ ಬಂದಳು. ಅಡಿಗೆಯನ್ನು ಆಂಟಿ ಹೊರಗಿಂದ ತರಿಸಿದ್ದರು, ಒಗ್ಗರಣೆಯ ಸುಳಿವಿರಲಿಲ್ಲ.

ಆಂಟಿ ರೂಮಿನಲ್ಲಿ ಅವಳಿಗೆ ಸೀರೆ ಉಡಿಸಿದರು. ಬಾಗಿಲು ಮುಚ್ಚಿತ್ತು. ನಾನು ಹಾಲಿನಲ್ಲಿ ಜುಬ್ಬಾ ತೊಟ್ಟು, ಕಿವಿಯೆಲ್ಲ ಆ ಬಾಗಿಲಿಗೆ ಕೊಟ್ಟು ಕೂತಿದ್ದೆ. ಬಾಗಿಲು ತೆರೆಯಿತು. ಹಸಿರು ಸೀರೆಯಲ್ಲಿ ಅವಳು ನಡೆದು ಬಂದಾಗ ಬಂದಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಆಂಟಿ ಅವಳ ಹಿಂದೆಯೇ, ಅವಳ ಸೆರಗಿನ ಮೇಲೆ ಕಣ್ಣಿಟ್ಟು. ಕುರ್ಚಿಯ ಮೇಲೆ ಕೂತಳು. ಬಳೆಯ ತಟ್ಟೆ ಹಿಡಿದು ನಾನು ಬಗ್ಗಿದೆ.

ಅವಳು ತಟ್ಟನೆ ಮುಖ ತಿರುಗಿಸಿದಳು. ಕೈ ಮೂಗಿಗೆ ಹೋಯಿತು.

ಆಂಟಿಯ ಮುಖದಿಂದ ರಕ್ತ ಇಳಿದದ್ದು ನನಗೆ ಕಂಡಿತು. ಆಂಟಿ ಮುಂದೆ ಬಂದು, ಸಣ್ಣ ದನಿಯಲ್ಲಿ, ಬಿಚ್ಚವ್ವಾ, ಬೇರೆ ಉಡು, ನಾ ಏನೂ ತಿಳಕೊಳ್ಳೂದಿಲ್ಲ, ಅಂದರು. ಅವರ ಕೈ ಸೆರಗಿನ ಪಿನ್ನಿಗೆ ಹೋಯಿತು.

ಸೊಸೆ ಆ ಕೈಯನ್ನು ಹಿಡಿದು ನಿಲ್ಲಿಸಿದಳು. ಇನ್ನೊಂದು ಕೈಯಿಂದ ಸೆರಗಿನ ತುದಿ ಎತ್ತಿ ಮೂಗಿಗೆ ಒತ್ತಿಕೊಂಡು, ಅದರೊಳಗಿಂದಲೇ ಒಮ್ಮೆ ದೀರ್ಘವಾಗಿ ಉಸಿರೆಳೆದಳು. ಆಮೇಲೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬಾಯಿ ತೆರೆದಾಗ ಬಂದದ್ದು ಇಂಗ್ಲಿಷಲ್ಲ, ನಾನು ದಿನವೂ ಅಣಕಿಸುತ್ತಿದ್ದ ಆಂಟಿಯ ಧಾರವಾಡದ ಕನ್ನಡ, ದನಿ ಸಮೇತ:

"ಸೀರಿ ಚೊಲೋ ಅದ ಅತ್ತಿ. ನಾರೂದು ಈ ತಮ್ಮನ ಜುಬ್ಬಾ. ಅವನ್ನ ಚೀಲದಾಗ ಕಟ್ಟಿ ಒಂದು ವಾರ ಫ್ರೀಜರಿನ್ಯಾಗ ಇಡ್ರಿ."