ಸಂಘ ಮುಚ್ಚುವ ಸಾಲು

ಅಮೆರಿಕದ ಆ ಸಣ್ಣ ಊರಿನಲ್ಲಿ ನಮ್ಮ ಕನ್ನಡ ಸಂಘ ಇದ್ದದ್ದು ಅಕ್ಕನ ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ. ನಾವೆಲ್ಲ ಅಕ್ಕ ಅನ್ನುತ್ತಿದ್ದ ಅವರು ತಿ. ನರಸೀಪುರದವರು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಶನಿವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಮೂಲೆಯಲ್ಲಿ ಬಟ್ಟೆ ಒಗೆಯುವ ಮಷೀನು ಗಡಗಡ ಅಂದರೆ ಮಕ್ಕಳು ಅದರ ತಾಳಕ್ಕೇ ಕಾಗುಣಿತ ಹೇಳುತ್ತಿದ್ದವು.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ ಅಕ್ಕ ಬೇಸಿಗೆಯೊಳಗೆ ಆ ಮನೆ ಬಿಡಬೇಕಾಯಿತು. ಹೊಸ ಮನೆಯಲ್ಲಿ ಜಾಗವಿಲ್ಲ. ಪಕ್ಕದ ಶಾಲೆಯವರು ಒಂದು ಕೋಣೆಯನ್ನು ಪುಕ್ಕಟೆ ಕೊಡಲು ಒಪ್ಪಿದರು. ಒಂದೇ ಷರತ್ತು: ನಿಮ್ಮದು ಲಾಭರಹಿತ ಸಂಸ್ಥೆ ಎಂದು ಕೇಂದ್ರ ತೆರಿಗೆ ಇಲಾಖೆಯ ಪತ್ರ ತನ್ನಿ. ಅದು ಬರದಿದ್ದರೆ ಅಕ್ಕನ ತರಗತಿ ಅಲ್ಲಿಗೆ ಮುಗಿಯಿತು.

ಆ ಪತ್ರ ಬೇಕಾದರೆ ಮೊದಲು ಸಂಘ ರಾಜ್ಯದಲ್ಲಿ ನೋಂದಣಿ ಆಗಬೇಕಿತ್ತು. ಹೀಗೆ ನಾವು ಪದಾಧಿಕಾರಿಗಳಾದೆವು. ಅಧ್ಯಕ್ಷರು ನಂಜನಗೂಡಿನವರು, ನಗರಸಭೆಯಲ್ಲಿ ಎಂಜಿನಿಯರು. ಆಫೀಸಿಗೂ ಹಣೆ ತುಂಬ ವಿಭೂತಿ ಇಟ್ಟುಕೊಂಡು ಹೋಗುತ್ತಿದ್ದ ಅವರನ್ನು ಎಲ್ಲರೂ ಯಜಮಾನರು ಅನ್ನುತ್ತಿದ್ದೆವು. ಅಕ್ಕ ಖಜಾಂಚಿ. ಚಿಕ್ಕಯ್ಯನಛತ್ರದ ನಾನು ಕಾರ್ಯದರ್ಶಿ. ನನಗೆ ಆ ಹುದ್ದೆ ಯೋಗ್ಯತೆಯಿಂದ ಬಂದದ್ದಲ್ಲ. "ಇವ್ನು ಎಂಗಿದ್ರೂ ಎಲ್ರ ಮಾತ್ನೂ ನೆಪ್ಪಿಟ್ಕೊಂಡು ಆಡ್ಕೋತಾನೆ. ಬರ್ದೇ ಇಡ್ಲಿ ಬುಡಿ," ಎಂದು ಯಜಮಾನರು ತೀರ್ಪು ಕೊಟ್ಟರು. ಗ್ರಂಥಾಲಯದಿಂದ ಮಾದರಿ ತಂದು ಬೈಲಾ ಟೈಪು ಮಾಡಿದೆ: ಸದಸ್ಯರು ಯಾರು, ಚುನಾವಣೆ ಯಾವಾಗ, ಚೆಕ್ಕಿಗೆ ಯಾರ ಸಹಿ. ರಾಜ್ಯ ಸರ್ಕಾರಕ್ಕೆ ಕೊಡುವ ಸ್ಥಾಪನಾ ಪತ್ರವೂ ಸಿದ್ಧವಾಯಿತು. ಯಜಮಾನರು ಅದನ್ನು ಓದುತ್ತಾ ಓದುತ್ತಾ ಕೊನೆಯ ಪುಟದಲ್ಲಿ ನಿಂತುಬಿಟ್ಟರು.

"ಏನ್ಲಾ ಇದು? ಸಂಗ ಮುಚ್ಚೋದ್ರೆ ಆಸ್ತಿ ಯಾರ್ಗೆ ಅಂತ ಬರ್ದಿದ್ದೀಯಲ್ಲ?"

"ಮಾದರೀಲಿ ಹಂಗೇ ಇತ್ತು ಸಾ. ಇಂಥದೇ ಉದ್ದೇಶದ ಬೇರೆ ಲಾಭರಹಿತ ಸಂಸ್ಥೆಗೆ ಹೋಗ್ಬೇಕಂತೆ, ಸದಸ್ಯರು ಹಂಚ್ಕೊಳ್ಳೋ ಹಂಗಿಲ್ವಂತೆ."

"ಮಗ ಉಟ್ಟೋಕ್ ಮುಂಚೇನೇ ತಿಥಿ ಅಡ್ಗೆಗೆ ಬಾಳೆಲೆ ಕುಯ್ಕೊಂಡು ಬಂದವ್ನೆ! ಒಡ್ದಾಕು ಅದ್ನ."

ನಮ್ಮ ಆಸ್ತಿಯೆಂದರೆ ಒಂದು ದೀಪದ ಕಂಬ, ಮಡಚುವ ಕುರ್ಚಿಗಳು, ಉಪ್ಪಿಟ್ಟಿನ ದೊಡ್ಡ ಪಾತ್ರೆ. ಆದರೂ ಸಾಲು ಹೋಯಿತು. ರಾಜ್ಯದವರು ತಕರಾರಿಲ್ಲದೆ ನೋಂದಣಿ ಮಾಡಿದರು. ಯಜಮಾನರು ರಸಬಾಳೆ ಸಿಗದ ಆ ಊರಿನಲ್ಲಿ ಸಿಕ್ಕಿದ ಬಾಳೆಹಣ್ಣನ್ನೇ ಹಂಚಿ, "ನಮ್ಮೂರ್ ಅಣ್ಣಿನ್ ಕಾಲ್ದೂಳಿಗೂ ಸಮ ಇಲ್ಲ," ಎಂದು ಎರಡು ತಿಂದರು.

ತೆರಿಗೆ ಇಲಾಖೆ ಮಾತ್ರ ಒಪ್ಪಲಿಲ್ಲ. ಸಂಘ ಮುಚ್ಚಿದರೆ ಆಸ್ತಿ ಏನಾಗುತ್ತದೆ ಎಂಬುದು ಸ್ಥಾಪನಾ ಪತ್ರದಲ್ಲೇ ಇರಬೇಕು, ತಿದ್ದುಪಡಿ ಮಾಡಿ ರಾಜ್ಯದಲ್ಲಿ ದಾಖಲಿಸಿ ಪ್ರತಿ ಕಳಿಸಿ ಎಂದು ಪತ್ರ ಬಂತು. ಸದಸ್ಯರ ಸಭೆ ಕರೆದೆವು. ಅಕ್ಕನ ಸಾಮಾನು ಆಗಲೇ ಅರ್ಧ ಪೆಟ್ಟಿಗೆ ಸೇರಿತ್ತು. ಮಕ್ಕಳ ಸ್ಲೇಟುಗಳ ಪೆಟ್ಟಿಗೆಗೆ ಮಾತ್ರ ಇನ್ನೂ ಟೇಪು ಹಾಕಿರಲಿಲ್ಲ.

"ನನ್ ಕೈಯಾರ ಅದ್ಕೆ ಸಹಿ ಆಕಾಕಿಲ್ಲ," ಯಜಮಾನರು ಮುಖ ತಿರುಗಿಸಿದರು.

ನಾನು ಸುಮ್ಮನಿರಲಾರದೆ ಅವರದೇ ದನಿಯಲ್ಲಿ, "ಆಗಾದ್ರೆ ಐಕ್ಳು ಬೀದೀಲ್ ಕೂತು ಕಾಗುಣ್ತ ಕಲೀಲಿ ಬುಡಿ," ಅಂದೆ. ಯಾರೂ ನಗಲಿಲ್ಲ. ನನ್ನ ಅಣಕಕ್ಕೆ ಅಂಥ ಸೋಲು ಮತ್ತೆಂದೂ ಆಗಿಲ್ಲ.

ಅಕ್ಕ ಪೆಟ್ಟಿಗೆಯ ಮೇಲೆ ಕೂತೇ ಕೇಳಿದರು: "ಅಣ್ಣಾ, ನಿಮ್ ಮೊಮ್ಮಗೀಗೆ ಕೆನ್ನೆ ಮೇಲೆ ಕಪ್ಪು ಇಡ್ತೀರಲ್ಲ, ಯಾಕೆ?"

"ದೃಷ್ಟಿ ಆಗ್ದಿರ್ಲಿ ಅಂತ."

"ಮಗೀಗೆ ಕೇಡಾಗ್ಲಿ ಅಂತಲ್ವಲ್ಲ? ಇದೂ ಅಂಗೇ ಕಣಣ್ಣ. ಕಪ್ಪು ಅಂದ್ಕೊಂಡು ಇಟ್ಬುಡಿ."

ಯಜಮಾನರು ಎದ್ದು ನಿಂತರು. "ಆಗ್ಲಿ. ಆದ್ರೆ ಓದುವಾಗ ನಾನಿಲ್ಲಿರಾಕಿಲ್ಲ," ಎಂದು ಕಾಫಿಗೆ ಮೇಲೆ ಹೋದರು. ನಾನು ಓದಿದೆ, ಎಲ್ಲರೂ ಕೈ ಎತ್ತಿದರು. ಅವರು ಇಳಿದು ಬಂದು, ಆ ಸಾಲನ್ನು ಅಂಗೈಯಿಂದ ಮುಚ್ಚಿಕೊಂಡು ಸಹಿ ಹಾಕಿದರು. ಶಾಲೆ ತೆರೆಯುವ ಹೊತ್ತಿಗೆ ತೆರಿಗೆ ಇಲಾಖೆಯ ಒಪ್ಪಿಗೆ ಪತ್ರ ಬಂತು. ಶಾಲೆಯ ಕೋಣೆಯಲ್ಲಿ ಅಕ್ಕನ ತರಗತಿಯ ಮಕ್ಕಳು ಮೊದಲ ಬಾರಿ ಮಷೀನಿನ ತಾಳವಿಲ್ಲದೆ ಕಾಗುಣಿತ ಹೇಳಿ, ಎಲ್ಲೆಲ್ಲೋ ತಪ್ಪಿದವು.

ಪ್ರತಿ ವರ್ಷ ರಾಜ್ಯಕ್ಕೆ ಪದಾಧಿಕಾರಿಗಳ ಹೆಸರು, ಸಂಘದ ವಿಳಾಸ ಕಳಿಸಬೇಕಿತ್ತು. ತಪ್ಪಿಸಿದರೆ ರಾಜ್ಯದವರೇ ಸಂಘ ಮುಚ್ಚಿಬಿಡುತ್ತಾರೆ ಎಂದು ಹೇಳಿದ ಮೇಲೆ ಯಜಮಾನರು ಅದನ್ನು ಯುಗಾದಿಗೂ ಮುಂಚೆ ನೆನಪಿಸುತ್ತಿದ್ದರು. ಕೆಲವು ವರ್ಷಗಳ ನಂತರ ಅವರು ನಿವೃತ್ತರಾಗಿ ಕಪಿಲೆಯ ದಡಕ್ಕೇ ಮರಳಿದರು. ನೋಂದಾಯಿತ ವಿಳಾಸ ಅವರ ಮನೆಯದಾಗಿತ್ತು. ಅದನ್ನು ಅಕ್ಕನ ಮನೆಗೆ ಬದಲಾಯಿಸಿದ ದಿನ ನನಗೆ ಅಣಕಿಸಲು ಯಾರೂ ಉಳಿಯಲಿಲ್ಲ ಅನ್ನಿಸಿತು.

ವಾರ್ಷಿಕ ಸಭೆಯಲ್ಲಿ ಚುನಾವಣೆಗೆ ಮುಂಚೆ ಸ್ಥಾಪನಾ ಪತ್ರ ಓದುವ ಪದ್ಧತಿ ನಮ್ಮದು. ಆ ವರ್ಷ ಕೊನೆಯ ಪುಟಕ್ಕೆ ಬಂದಾಗ ಅಕ್ಕ ಎದ್ದು ಕಾಫಿಗೆ ಹೊರಟರು. ಹಿಂದೆಯೇ ಎಲ್ಲರೂ ಎದ್ದರು. ಖಾಲಿ ಕುರ್ಚಿಗಳಿಗೆ ನಾನು ಆ ಸಾಲನ್ನು ಯಜಮಾನರ ದನಿಯಲ್ಲಿ ಓದಿ ಮುಗಿಸಿ, ಓಡಿಹೋಗಿ ಕಾಫಿಯ ಸಾಲಿನಲ್ಲಿ ನಿಂತೆ.