ಹಡಗಿನ ಗಡಿಯಾರದಲ್ಲಿ ಏಳು ಗಂಟೆ

ಆ ಸಂಜೆ ಗೆಳೆಯ ಏಳು ಗಂಟೆ ಎಂದಿದ್ದು ನಿಜವೇ ಎಂದು ಇಂದಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಕೇಳಿದ್ದನ್ನು ಆಮೇಲೆ ಗೊತ್ತಾದದ್ದಕ್ಕೆ ಹೊಂದಿಸಿಕೊಳ್ಳುವ ಚಟ ನೆನಪಿಗಿದೆ. ಆದರೆ ಅವನ ಹೆಂಡತಿಯೂ ಪಕ್ಕದಲ್ಲೇ ಕೂತು ಕೇಳಿದ್ದಳು.

ಕಾಲೇಜಿನಲ್ಲಿ ನನ್ನ ಸಹಪಾಠಿಯಾಗಿದ್ದ ಅವನು ಈಗ ಸರಕು ಹಡಗಿನಲ್ಲಿ ಎಲೆಕ್ಟ್ರಿಕಲ್ ಅಧಿಕಾರಿ. ಇಬ್ಬರೂ ಒಂದೇ ವರ್ಷ ಹವ್ಯಾಸಿಗಳ ಹ್ಯಾಮ್ ರೇಡಿಯೊ ಪರವಾನಗಿ ಪಡೆದವರು. ಶಿರಸಿಯ ನನ್ನ ಮನೆಯ ಮಾಳಿಗೆಯಿಂದ ಹಿತ್ತಿಲ ಹಲಸಿನ ಮರಕ್ಕೆ ಕಟ್ಟಿದ ತಂತಿಯೇ ನನ್ನ ಆಂಟೆನಾ. ಹಡಗಿನ ಇಂಟರ್ನೆಟ್ ಕೆಟ್ಟಿತ್ತು. ಕೇಳಿದಾಗಲೆಲ್ಲ ಕಂಪನಿಯವರು ತಿಳಿಸುತ್ತೇವೆ ಎನ್ನುತ್ತಿದ್ದರು. ಅವನ ಹೆಂಡತಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಅರಬ್ ಕೊಲ್ಲಿಯಿಂದ ಹೊರಡುವ ಹಡಗು ಮಂಗಳೂರಿಗೆ ಬರಬಹುದು, ಬಂದರೆ ಅಲ್ಲೇ ಇಳಿದು ಮನೆಗೆ ಬರುತ್ತೇನೆ ಎಂದು ಅವನು ಹಿಂದೊಮ್ಮೆ ಹೇಳಿದ್ದ. ಅವನಿಗಾಗಿ ಅವಳು ಎರಡು ಸಲ ದಿನ ಮುಂದೂಡಿದ್ದಳು. ಹುಬ್ಬಳ್ಳಿಯ ಆಸ್ಪತ್ರೆಗೆ ಮರುದಿನ ಬೆಳಿಗ್ಗೆ ಕೊನೆಯ ಮಾತು ತಿಳಿಸಬೇಕಿತ್ತು. ತ್ಯಾಗಲಿಯಿಂದ ಬಸ್ಸು ಹಿಡಿದು ಬಂದಾಗ ಅವಳ ಕೈ ಪಕ್ಕೆಯ ಮೇಲೇ ಇತ್ತು.

ನಾನೂ ಅಂದು ಇಡೀ ದಿನ ಉತ್ತರಪತ್ರಿಕೆ ತಿದ್ದಿ ಸೋತಿದ್ದೆ. ಗೊರಗೊರ ಸದ್ದಿನ ನಡುವೆ ಅವನ ದನಿ ಸಿಕ್ಕಿತು. ಪರವಾನಗಿ ಇಲ್ಲದವರ ಕೈಗೆ ಮೈಕು ಕೊಡುವಂತಿಲ್ಲ, ಅವಳು ಸುಮ್ಮನೆ ಕೇಳುತ್ತಿದ್ದಳು. ಎಲ್ಲಿದ್ದೇವೆ, ಎಲ್ಲಿಗೆ ಹೊರಟಿದ್ದೇವೆ ಎಂದು ರೇಡಿಯೊದಲ್ಲಿ ಹೇಳಕೂಡದೆಂದು ಅವನಿಗೆ ಕ್ಯಾಪ್ಟನ್‌ರ ಕಟ್ಟಪ್ಪಣೆ. ಯಾರು ಬೇಕಾದರೂ ಕೇಳಬಹುದಲ್ಲ.

"ಊರಿಗೆ ಬತ್ಯ?" ಎಂದೆ.

"ನೋಡನ ಮಾರಾಯ್ತಿ. ಎಂತ ಹೇಳಲೂ ಬತ್ತಿಲ್ಲೆ. ಇಲ್ಲಿ ಏಳು ಗಂಟೆ ಆತು, ಊಟಕ್ಕೆ ಕರೀತಾ ಇದ್ದ."

ಆಮೇಲೆ ದನಿ ಕರಗಿಹೋಯಿತು.

ನಾನು ಕೈಗಡಿಯಾರ ನೋಡಿದೆ. ಆರೂವರೆ. "ನಮಗಿಂತ ಅರ್ಧ ಗಂಟೆ ಮುಂದೆ, ಅಷ್ಟೇ. ಹತ್ತಿರವೇ ಇದ್ದ" ಎಂದುಬಿಟ್ಟೆ.

"ಅರ್ಧ ಗಂಟೆಯ? ಹಂಗಾರೆ ಹುಬ್ಬಳ್ಳಿಯಷ್ಟೂ ದೂರ ಇಲ್ಲೆ ಅಕ್ಕ!" ಎಂದು ಅವಳು ನಕ್ಕಳು. ನಗುವಾಗ ನೋವಾಗಿ ಪಕ್ಕೆ ಒತ್ತಿಹಿಡಿದಳು.

ಆ ನಗು ನೋಡಿದ ಮೇಲೆ ನನಗೆ ಸಮಾಧಾನವಾಗಲಿಲ್ಲ. ರೇಡಿಯೊ ಮೇಲಿನ ಗೋಡೆಯಲ್ಲಿ ಇನ್ನೊಂದು ಗಡಿಯಾರವಿದೆ. ಹ್ಯಾಮ್‌ಗಳೆಲ್ಲ ಲೆಕ್ಕ ಇಡುವುದು ಆ ವಿಶ್ವ ಸಮಯದಲ್ಲಿ, ಯುಟಿಸಿಯಲ್ಲಿ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಅದರಲ್ಲಿ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಅವನ ಏಳರಿಂದ, ಅಂದರೆ ಇಪ್ಪತ್ನಾಲ್ಕು ಗಂಟೆಯ ಲೆಕ್ಕದ ಹತ್ತೊಂಬತ್ತರಿಂದ, ಹದಿಮೂರು ಕಳೆದರೆ ಆರು. ಹಡಗು ಯುಟಿಸಿಗಿಂತ ಆರು ಗಂಟೆ ಮುಂದಿತ್ತು.

ಹಿಂದಿನ ವಾರವೂ ಇದೇ ಹೊತ್ತಿಗೆ ಮಾತಾಡಿದ್ದೆವು. ಆಗ ಅವನಲ್ಲಿ ಸಂಜೆ ಐದು, ಚಹಾದ ಹೊತ್ತು. ಹದಿನೇಳರಿಂದ ಹದಿಮೂರು ಕಳೆದರೆ ನಾಲ್ಕು. ಅದು ಕೊಲ್ಲಿಯ ಕಡೆಯ ವೇಳೆ. ಪೂರ್ವಕ್ಕೆ ಹೋದಂತೆ ಹಡಗಿನವರು ಗಡಿಯಾರವನ್ನು ಮುಂದೆ ತಳ್ಳುತ್ತಾರೆ. ಮಂಗಳೂರಿಗೆ ಬರುವ ಹಡಗಾದರೆ ಆ ಅಂತರವನ್ನು ನಮ್ಮ ಐದೂವರೆ ಗಂಟೆಗೆ ನಿಲ್ಲಿಸಬೇಕಿತ್ತು. ಭಾರತದ ಯಾವ ಬಂದರಾದರೂ ಅಷ್ಟೇ. ಇವರು ಅದನ್ನು ದಾಟಿದ್ದರು.

ಹೇಳಲೇಬೇಕಾಯಿತು. "ತಪ್ಪು ಹೇಳಿದೆ ತಂಗಿ. ಅರ್ಧ ಗಂಟೆ ಮುಂದೆ ಅಂದರೆ ಹತ್ತಿರ ಅಲ್ಲ, ನಮ್ಮನ್ನು ದಾಟಿಹೋದ ಹಾಗೆ. ಶ್ರೀಲಂಕಾದ ಆಚೆ ಇರಲಕ್ಕು."

"ಆಚೆ ಅಂದ್ರೆ ಎಲ್ಲಿ?"

"ಬಂಗಾಳ ಕೊಲ್ಲಿ. ಬಾಂಗ್ಲಾಕ್ಕೋ, ಅದಕ್ಕೂ ಮುಂದಕ್ಕೋ ಗೊತ್ತಿಲ್ಲೆ. ಗಡಿಯಾರ ಊರು ಹೇಳ್ತಿಲ್ಲೆ, ಯಾವ ಕಾಲವಲಯ ಅಂತ ಅಷ್ಟೇ ಹೇಳ್ತು."

ಗಡಿಯಾರವನ್ನು ಒಂದು ದಿನ ಮೊದಲೇ ಮುಂದೆ ತಳ್ಳಿದ್ದರೆ ಇನ್ನೂ ಇತ್ತ ಕಡೆಯೇ ಇರಬಹುದು, ಅದನ್ನೂ ಹೇಳಿದೆ.

"ಆದ್ರೂ ಮಂಗಳೂರಿಗೆ ಬತ್ತಿಲ್ಲೆ?"

"ಬತ್ತಿಲ್ಲೆ."

ಅವಳು ಅಳಲಿಲ್ಲ. ಚಹಾ ತಣ್ಣಗಾಗಿತ್ತು, ಅದನ್ನೇ ಕುಡಿದಳು. "ಏಳು ಗಂಟೆ ಅಂತ ಬೇಕು ಅಂತಲೇ ಹೇಳಿದ್ನ ಅಕ್ಕ, ನಿಂಗೆ ಗೊತ್ತಾಗಲಿ ಅಂತ?"

ನನಗೆ ತಿಳಿಯದು. ಹೌದು ಎನ್ನುವ ಆಸೆಯಾಯಿತು. ಗೊತ್ತಿಲ್ಲ ಎಂದೆ.

ಅವಳು ಯಲ್ಲಾಪುರದ ತಮ್ಮನಿಗೆ ಫೋನು ಮಾಡಿದಳು. "ಆಸ್ಪತ್ರೆಗೆ ನೀನೇ ಬರವು. ಇಲ್ಲೆ, ಭಾವ ಬತ್ನಿಲ್ಲೆ. ಯಾರು ಹೇಳಿದ್ದು ಅಂತ ಆಮೇಲೆ ಹೇಳ್ತೆ, ಈಗ ದಿನ ಗುರುತು ಹಾಕಿಕೋ." ಫೋನಿಟ್ಟು ನನ್ನ ಕಡೆ ತಿರುಗಿದಳು. "ಆಪರೇಷನ್ ದಿನ ಅವಂಗೆ ಈಗಲೇ ಹೇಳಡ ಅಕ್ಕ. ಮುಗಿದ ಮೇಲೆ ಹೇಳು, ಆರಾಮಿದ್ದು ಅಂತ."

ಆಗಲಿ ಎಂದು ರೇಡಿಯೊ ಆರಿಸಿದೆ. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಕುರ್ಚಿಯಲ್ಲೇ ಒರಗಿ ಕಣ್ಣು ಮುಚ್ಚಿದಳು.